ಮೂರು ಕಂತು ನಿಲ್ಲಿಸಿದ್ದಕ್ಕೆ ಹದಿನಾಲ್ಕು ತಿಂಗಳು

2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಒಂದು ಪ್ರಕಟಣೆ ಹೊರಡಿಸಿತು. ಆ ವರ್ಷದ ಮಾರ್ಚ್ 1ರಿಂದ ಮೇ 31ರ ನಡುವೆ ಕಟ್ಟಬೇಕಾದ ಸಾಲದ ಕಂತುಗಳನ್ನು ಮುಂದೂಡಲು ಬ್ಯಾಂಕುಗಳಿಗೂ ಹಣಕಾಸು ಸಂಸ್ಥೆಗಳಿಗೂ ಅದು ಅನುಮತಿ ಕೊಟ್ಟಿತ್ತು. ಅನುಮತಿಯಷ್ಟೇ, ಆದೇಶವಲ್ಲ. ಕೆಲವು ಬ್ಯಾಂಕುಗಳು ಕೇಳಿದವರಿಗೆ ಮಾತ್ರ ಕೊಟ್ಟವು, ಇನ್ನು ಕೆಲವು ಬೇಡ ಎಂದು ಬರೆದುಕೊಡದ ಎಲ್ಲರಿಗೂ ಕೊಟ್ಟುಬಿಟ್ಟವು. ಲಾಕ್‌ಡೌನ್ ಶುರುವಾಗಿ ಆಗ ಕೆಲವೇ ದಿನಗಳಾಗಿದ್ದವು. ನಾನು ಕೆಲಸ ಮಾಡುತ್ತಿದ್ದುದು ಪ್ರವಾಸ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ. ಬುಕಿಂಗ್‌ಗಳೆಲ್ಲ ರದ್ದಾಗಿ, ಮುಂಗಡ ಹಣ ವಾಪಸು ಕೊಡುವುದೇ ಕೆಲಸವಾಗಿತ್ತು. ಏಪ್ರಿಲ್‌ನಿಂದ ಅರ್ಧ ಸಂಬಳ ಎಂದು ಮಾಲೀಕರು ಮೊದಲೇ ಹೇಳಿದ್ದರು.

ಮನೆಸಾಲ 2018ರಲ್ಲಿ ತೆಗೆದುಕೊಂಡದ್ದು, ಸುಮಾರು 26 ಲಕ್ಷ, ಇಪ್ಪತ್ತು ವರ್ಷಕ್ಕೆ. 2020ರ ಫೆಬ್ರುವರಿಯ ಕಂತು ಕಟ್ಟಿದ ಮೇಲೆ ಉಳಿದ ಅಸಲು 25 ಲಕ್ಷ. ಲೆಕ್ಕ ಸುಲಭವಾಗಲೆಂದು ಚಿಲ್ಲರೆ ಬಿಟ್ಟು ಹೇಳುತ್ತಿದ್ದೇನೆ. ಬಡ್ಡಿ ದರ ವಾರ್ಷಿಕ ಶೇ 8.4, ಕಂತು 22,483 ರೂಪಾಯಿ, ಉಳಿದ ಕಂತುಗಳು 216. ಪ್ರತಿ ತಿಂಗಳ ಕೊನೆಯ ದಿನ ಕಂತು ಕಡಿತವಾಗುತ್ತಿತ್ತು. ಕೊನೆಯ ಕಂತು 2038ರ ಫೆಬ್ರುವರಿಗೆ. ನಾನು ನಿವೃತ್ತಳಾಗುವುದು 2038ರ ಜೂನ್‌ನಲ್ಲಿ. ಸಾಲ ತೆಗೆದುಕೊಳ್ಳುವಾಗ ಈ ಎರಡು ತಿಂಗಳುಗಳನ್ನು ಅಕ್ಕಪಕ್ಕ ಬರೆದುಕೊಂಡೇ ಇಪ್ಪತ್ತು ವರ್ಷ ಎಂದು ನಿಶ್ಚಯಿಸಿದ್ದೆ.

ಎರಡು ವರ್ಷದಲ್ಲಿ ಕಟ್ಟಿದ್ದು ಹೆಚ್ಚುಕಡಿಮೆ 5.4 ಲಕ್ಷ, ಇಳಿದ ಅಸಲು ಒಂದು ಲಕ್ಷದ ಮೇಲೆ ಸ್ವಲ್ಪ. ಮನೆಸಾಲ ಕಟ್ಟುವ ಎಲ್ಲರಿಗೂ ಇದು ಗೊತ್ತಿರುವ ಸಂಗತಿಯೇ. ಆದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. 25 ಲಕ್ಷಕ್ಕೆ ತಿಂಗಳಿಗೆ ಶೇ 0.7ರಂತೆ ಬಡ್ಡಿಯೇ 17,500 ರೂಪಾಯಿ. ನಾನು ಕಟ್ಟುವ 22,483ರಲ್ಲಿ ಅಸಲಿಗೆ ಹೋಗುವುದು 4,983 ಮಾತ್ರ.

ಬ್ಯಾಂಕಿನ ಸಂದೇಶ ಬಂದಾಗ ಅದನ್ನು ಎರಡು ಸಲ ಓದಿದೆ. ಕಷ್ಟದ ಕಾಲದಲ್ಲಿ ನಿಮ್ಮೊಂದಿಗೆ ನಾವಿದ್ದೇವೆ, ಮೂರು ತಿಂಗಳು ಇಎಂಐ ಚಿಂತೆ ಬೇಡ, ಒಪ್ಪಿಗೆಯಿದ್ದರೆ ಈ ಕೊಂಡಿ ಒತ್ತಿ ಎಂಬ ಧಾಟಿ. ಕೊಂಡಿ ಒತ್ತಿದ ಮೇಲೆ ತೆರೆದ ಪುಟದ ಕೆಳತುದಿಯಲ್ಲಿ, ಮುಂದೂಡಿದ ಅವಧಿಗೂ ಬಡ್ಡಿ ಲೆಕ್ಕವಾಗುತ್ತದೆ, ಅದು ಬಾಕಿಗೆ ಸೇರುತ್ತದೆ, ಸಾಲದ ಅವಧಿ ಅದಕ್ಕೆ ತಕ್ಕಂತೆ ವಿಸ್ತರಣೆಯಾಗುತ್ತದೆ ಎಂದು ಸಣ್ಣ ಅಕ್ಷರದಲ್ಲಿತ್ತು. ಅದಕ್ಕೆ ತಕ್ಕಂತೆ ಎಂದರೆ ಎಷ್ಟು ಎಂಬುದು ಎಲ್ಲಿಯೂ ಇರಲಿಲ್ಲ.

ಶಾಖೆಗೆ ಫೋನ್ ಮಾಡಿದೆ. ಸಾಲ ವಿಭಾಗದ ಅಧಿಕಾರಿ ತಾಳ್ಮೆಯಿಂದಲೇ ಮಾತನಾಡಿದರು. “ಮೂರು ಕಂತು ತಾನೇ ಮೇಡಂ, ಕೊನೆಯಲ್ಲಿ ಸೇರಿಕೊಳ್ಳುತ್ತವೆ, ನಿಮಗೇನೂ ಗೊತ್ತಾಗುವುದಿಲ್ಲ” ಎಂದರು. ಬಡ್ಡಿ ಎಷ್ಟು ಸೇರುತ್ತದೆ, ಒಟ್ಟು ಎಷ್ಟು ಕಂತು ಹೆಚ್ಚಾಗುತ್ತದೆ ಎಂದು ಕೇಳಿದೆ. ಸಿಸ್ಟಮ್‌ನಲ್ಲಿ ಜೂನ್ ಆದ ಮೇಲೆಯೇ ಹೊಸ ಪಟ್ಟಿ ಬರುತ್ತದೆ ಎಂದರು. ನಡುವೆ ಕೈಲಾದಷ್ಟು ಕಟ್ಟಬಹುದೇ ಎಂದು ಕೇಳಿದ್ದಕ್ಕೆ, “ಸಾಲದ ಖಾತೆಗೆ ಎಷ್ಟು ಬೇಕಾದರೂ ಕಟ್ಟಿ, ಯಾರೂ ಬೇಡ ಅನ್ನುವುದಿಲ್ಲ” ಎಂದರು. ಈ ಕೊನೆಯ ಮಾತನ್ನು ಬ್ಯಾಂಕು ಸಂದೇಶದಲ್ಲೇ ಹಾಕಬಹುದಿತ್ತು. ತಿಂಗಳಿಗೆ 17,500ರ ಬಡ್ಡಿಯನ್ನಾದರೂ ಕಟ್ಟಬಲ್ಲವರಿಗೆ ಬಾಕಿ 25 ಲಕ್ಷದಲ್ಲೇ ನಿಲ್ಲುತ್ತಿತ್ತು, ಸಾಲ ನಿಜವಾಗಿಯೂ ಮೂರೇ ತಿಂಗಳು ಮುಂದಕ್ಕೆ ಹೋಗುತ್ತಿತ್ತು. ನನಗೆ ಅರ್ಧ ಸಂಬಳದಲ್ಲಿ ಅದೂ ಸಾಧ್ಯವಿರಲಿಲ್ಲ. ಆಯ್ಕೆ ಇದ್ದುದು ಇದನ್ನು ಒಪ್ಪುವುದು ಅಥವಾ ಕಂತು ತಪ್ಪಿಸುವುದು. ಕಂತು ತಪ್ಪಿದರೆ ದಂಡ ಬಡ್ಡಿ, ಮರಳಿದ ಆಟೋ ಡೆಬಿಟ್‌ಗೆ ಶುಲ್ಕ, ಸಿಬಿಲ್ ವರದಿಯಲ್ಲಿ ಕಪ್ಪು ಗುರುತು. ಕಂತು ಮುಂದೂಡುವ ಈ ಸೌಲಭ್ಯದಲ್ಲಿ, ಅಂದರೆ ಮೊರಟೋರಿಯಂನಲ್ಲಿ, ಈ ಮೂರೂ ಇಲ್ಲ. ಅದರ ನಿಜವಾದ ಉಪಕಾರ ಅಷ್ಟು, ಅದು ಸಣ್ಣದೂ ಅಲ್ಲ. ಒಪ್ಪಿಗೆ ಕಳುಹಿಸಿದೆ. ಮಾರ್ಚ್ 31ರ ಕಂತು ಅಷ್ಟರಲ್ಲಿ ಕಡಿತವಾಗಿತ್ತು. ಏಪ್ರಿಲ್‌ನಲ್ಲಿ ಅದನ್ನು ನನ್ನ ಉಳಿತಾಯ ಖಾತೆಗೆ ಮರಳಿಸಿ, ಸಾಲದ ಖಾತೆಯಲ್ಲಿ ಹಳೆಯ ದಿನಾಂಕಕ್ಕೇ ತಿರುವು ನಮೂದು ಮಾಡಿದರು. ಹೀಗೆ ಮೂರು ಕಂತುಗಳೂ ನಿಂತವು.

ಜೂನ್‌ವರೆಗೆ ಕಾಯುವ ವ್ಯವಧಾನ ನನಗಿರಲಿಲ್ಲ. ಲೆಕ್ಕ ಬರೆಯುವುದು ದಿನದ ಕೆಲಸವೇ ಆದ್ದರಿಂದ ಅಂದೇ ಕೂತು ಬರೆದೆ. ಮಾರ್ಚ್‌ನ ಬಡ್ಡಿ 17,500. ಅದನ್ನು ಕಟ್ಟಲಿಲ್ಲ, ಆದ್ದರಿಂದ ಬಾಕಿ 25,17,500 ಆಯಿತು. ಏಪ್ರಿಲ್‌ನ ಬಡ್ಡಿ ಈ ಹೊಸ ಬಾಕಿಯ ಮೇಲೆ, 17,623. ಮೇ ತಿಂಗಳದು 17,746. ಮೇ 31ಕ್ಕೆ ಬಾಕಿ 25,52,868. ಮೂರು ತಿಂಗಳಲ್ಲಿ ಬೆಳೆದ ಬಡ್ಡಿ 52,868 ರೂಪಾಯಿ.

ಇಲ್ಲಿ ಎಲ್ಲರ ಸಿಟ್ಟು ಹೋದದ್ದು ಬಡ್ಡಿಯ ಮೇಲಿನ ಬಡ್ಡಿಯ ಕಡೆಗೆ. ಆ ವರ್ಷ ಪತ್ರಿಕೆಗಳಲ್ಲಿ, ಟೀವಿಯಲ್ಲಿ ಅದೇ ಮಾತು. ಚಕ್ರಬಡ್ಡಿ ಬಿಟ್ಟು ಸರಳ ಬಡ್ಡಿಯನ್ನೇ ಹಾಕಿದ್ದರೂ ಮೂರು ತಿಂಗಳಿಗೆ 52,500 ಆಗುತ್ತಿತ್ತು. ವ್ಯತ್ಯಾಸ 368 ರೂಪಾಯಿ. ನನ್ನ ಸಾಲಕ್ಕೆ ಪೆಟ್ಟು ಬಿದ್ದದ್ದು ಈ 368ರಿಂದಲ್ಲ, ಇಡೀ 52,868 ಅಸಲಿನ ಜೊತೆ ಬೆರೆತು ಹೋದದ್ದರಿಂದ.

ಕಂತು ಬೇಡ ಎಂದ ಬ್ಯಾಂಕು ಬಡ್ಡಿಯನ್ನೂ ಏಕೆ ನಿಲ್ಲಿಸುವುದಿಲ್ಲ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಬಡ್ಡಿ ಎಂಬುದು ಬ್ಯಾಂಕಿನ ಹಣ ನಮ್ಮ ಕೈಯಲ್ಲಿ ಎಷ್ಟು ದಿನ ಇದೆಯೋ ಅಷ್ಟು ದಿನಕ್ಕೆ ಲೆಕ್ಕವಾಗುವಂಥದ್ದು. ನಾವು ಕಂತು ಕಟ್ಟಿದೆವೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಮೂರು ತಿಂಗಳೂ 25 ಲಕ್ಷ ನನ್ನ ಬಳಿಯೇ ಇತ್ತು. ಬ್ಯಾಂಕು ಠೇವಣಿದಾರರಿಗೆ ಕೊಡಬೇಕಾದ ಬಡ್ಡಿಯೂ ಆ ಮೂರು ತಿಂಗಳು ನಿಂತಿರಲಿಲ್ಲ. ನನ್ನ ಅತ್ತೆಯವರ ನಿಶ್ಚಿತ ಠೇವಣಿಯ ಬಡ್ಡಿ ಏಪ್ರಿಲ್‌ನಲ್ಲೂ ತಪ್ಪದೆ ಬಂತು. ಮುಂದೆ ಈ ವಿಚಾರ ಸುಪ್ರೀಂ ಕೋರ್ಟಿಗೆ ಹೋದಾಗ, ಎಲ್ಲರ ಬಡ್ಡಿಯನ್ನೂ ಪೂರ್ತಿ ಮನ್ನಾ ಮಾಡಿದರೆ 6 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಹೊರೆಯಾಗುತ್ತದೆ ಎಂದು ಕೇಂದ್ರ ಸರ್ಕಾರ ಹೇಳಿತು. ಅದನ್ನು ಹೊರುವವರು ಯಾರು ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ.

ಇನ್ನು ಅವಧಿಯ ವಿಚಾರ. ಮೂರು ಕಂತು ನಿಂತರೆ ಮೂರು ತಿಂಗಳು ತಡ ಎಂದು ಯಾರಿಗಾದರೂ ಅನ್ನಿಸುತ್ತದೆ. ನಿಜವಾಗಿ ಆಗುವುದನ್ನು ನಾನು ತಿಂಗಳು ತಿಂಗಳಾಗಿ ಬರೆದು ನೋಡಿದೆ. ಜೂನ್‌ನಲ್ಲಿ ಕಂತು ಮತ್ತೆ ಶುರುವಾದಾಗ ಬಡ್ಡಿ 17,500 ಅಲ್ಲ, 17,870. ಏಕೆಂದರೆ ಬಾಕಿ ಈಗ 25,52,868. ಕಂತು ಮಾತ್ರ ಅದೇ 22,483. ಅಸಲಿಗೆ ಉಳಿಯುವುದು 4,613. ತಿಂಗಳಿಗೆ ನಾಲ್ಕೂವರೆ ಸಾವಿರದ ಆಸುಪಾಸಿನಲ್ಲಿ ಅಸಲು ಇಳಿಯುತ್ತಿರುವಾಗ, ಮೇಲೆ ಸೇರಿದ 52,868 ಇಳಿಯಲು ಎಷ್ಟು ತಿಂಗಳು ಬೇಕು? ಹನ್ನೊಂದು. ಜೂನ್‌ನಿಂದ 2021ರ ಏಪ್ರಿಲ್‌ವರೆಗೆ ಹನ್ನೊಂದು ಕಂತು ಕಟ್ಟಿದ ಮೇಲೆ ಬಾಕಿ ಮತ್ತೆ 25 ಲಕ್ಷಕ್ಕೆ ಬರುತ್ತದೆ. ಅಂದರೆ 2020ರ ಫೆಬ್ರುವರಿ ಕೊನೆಯಲ್ಲಿ ನಾನು ಎಲ್ಲಿದ್ದೆನೋ ಅಲ್ಲಿಗೆ. ಅಲ್ಲಿಂದ ಮುಂದೆ 216 ಕಂತುಗಳು ಹಾಗೆಯೇ ಇವೆ.

ಹಾಳೆಯ ಮೇಲೆ ಆ ಸಾಲು ಬಂದಾಗ ನಾನು ಪೆನ್ನು ಕೆಳಗಿಟ್ಟೆ. ಕಟ್ಟದ ಮೂರು ತಿಂಗಳು, ಕಟ್ಟಿದ ಹನ್ನೊಂದು ತಿಂಗಳು, ಒಟ್ಟು ಹದಿನಾಲ್ಕು ತಿಂಗಳು ಸಾಲ ಇದ್ದಲ್ಲೇ ಇರುತ್ತದೆ. ಹನ್ನೊಂದು ಕಂತು ಎಂದರೆ ಸುಮಾರು 2.47 ಲಕ್ಷ ರೂಪಾಯಿ. ಹೆಚ್ಚುವರಿ ಕಂತುಗಳು ಹದಿನೆಂಟು ವರ್ಷಗಳ ಆಚೆ ಎಲ್ಲೋ ಕೊನೆಯಲ್ಲಿ ಸೇರಿಕೊಳ್ಳುತ್ತವೆ ಎಂಬುದು ಪಟ್ಟಿಯಲ್ಲಿ ಕಾಣುವ ರೀತಿ. ಆದರೆ ಆ ಹಣ ಹೋಗುವುದು ಈಗಲೇ, ಮೊರಟೋರಿಯಂ ಮುಗಿದ ಮರು ತಿಂಗಳಿಂದಲೇ. ಸಾಲದ ವಯಸ್ಸು ಚಿಕ್ಕದಾಗಿರುವಾಗ ಅಸಲಿಗೆ ಹೋಗುವ ಪಾಲು ಚಿಕ್ಕದು. ಆ ಚಿಕ್ಕ ಪಾಲಿನಿಂದಲೇ ದೊಡ್ಡ ಗುಡ್ಡೆ ಕರಗಬೇಕು. ಅವಧಿ ಹಿಗ್ಗುವುದು ಅದಕ್ಕೆ.

ಕೈಲೆಕ್ಕವನ್ನು ಎಕ್ಸೆಲ್‌ನಲ್ಲಿ ತಾಳೆ ನೋಡಿದೆ. ಬಡ್ಡಿ ದರ, ಕಂತು, ಬಾಕಿ ಕೊಟ್ಟರೆ ಎಷ್ಟು ಕಂತು ಬೇಕೆಂದು ಹೇಳುವ ಸೂತ್ರ ಅದರಲ್ಲಿದೆ:

```
=NPER(8.4%/12,-22483,2500000)
=NPER(8.4%/12,-22483,2552868)
```

ಮೊದಲನೆಯದು 216 ಕೊಟ್ಟಿತು, ಎರಡನೆಯದು 227ರ ಮೇಲೆ ಒಂದಿಷ್ಟು. ಈ ಒಂದಿಷ್ಟು ಎಂದರೆ ಕೊನೆಯಲ್ಲಿ ಕಟ್ಟಬೇಕಾದ ಒಂದು ಚಿಲ್ಲರೆ ಕಂತು. ಜೂನ್ 2020ರಿಂದ 227 ಎಣಿಸಿದರೆ 2039ರ ಏಪ್ರಿಲ್. ನನ್ನ ನಿವೃತ್ತಿಯಾಗಿ ಹತ್ತು ತಿಂಗಳು ಆಗಿರುತ್ತದೆ. ಸಂಬಳವಿಲ್ಲದ ಹತ್ತು ತಿಂಗಳಿಗೆ ತಿಂಗಳಿಗೆ 22,483 ಎಲ್ಲಿಂದ ತರುವುದು ಎಂಬ ಪ್ರಶ್ನೆ ಒಂದು. ಬ್ಯಾಂಕಿನ ಕಡೆಯಿಂದ ಇನ್ನೊಂದು ಪ್ರಶ್ನೆಯಿದೆ. ಸಾಲಕ್ಕೆ ಗರಿಷ್ಠ ಅವಧಿ, ಸಾಲಗಾರರಿಗೆ ಗರಿಷ್ಠ ವಯಸ್ಸು ಎಂಬ ಮಿತಿಗಳನ್ನು ಬ್ಯಾಂಕುಗಳು ಇಟ್ಟುಕೊಂಡಿರುತ್ತವೆ. ಅವಧಿ ಆ ಗೆರೆಗೆ ತಗುಲಿದರೆ ಮುಂದಕ್ಕೆ ಹೋಗಲು ಜಾಗವಿಲ್ಲ, ಆಗ ಕಂತನ್ನೇ ಏರಿಸುತ್ತಾರೆ. ಸಾಲ ಒಪ್ಪಂದ ಪತ್ರ ತೆಗೆದು ಆ ಷರತ್ತು ಓದುವವರೆಗೆ ನನಗೆ ನಿದ್ದೆ ಬರಲಿಲ್ಲ.

ನನ್ನ ಲೆಕ್ಕ ಎಲ್ಲೋ ಅತಿಯಾಯಿತೇನೋ ಎಂಬ ಅನುಮಾನವೂ ಇತ್ತು. ಭಾರತೀಯ ಸ್ಟೇಟ್ ಬ್ಯಾಂಕ್ ಆ ದಿನಗಳಲ್ಲಿ ತನ್ನ ಗ್ರಾಹಕರಿಗಾಗಿ ಒಂದು ಉದಾಹರಣೆ ಪ್ರಕಟಿಸಿತ್ತು. 30 ಲಕ್ಷದ ಮನೆಸಾಲ, 15 ವರ್ಷ ಬಾಕಿ ಇದ್ದರೆ ಮೂರು ತಿಂಗಳ ಮುಂದೂಡಿಕೆಗೆ ಹೆಚ್ಚುವರಿ ಬಡ್ಡಿ ಸುಮಾರು 2.34 ಲಕ್ಷ, ಅಂದರೆ 8 ಕಂತು. ಅದೇ 6 ಲಕ್ಷದ ಕಾರು ಸಾಲ, 54 ತಿಂಗಳು ಬಾಕಿ ಇದ್ದರೆ ಸುಮಾರು 19,000 ರೂಪಾಯಿ, ಅಂದರೆ ಒಂದೂವರೆ ಕಂತು. ನನಗೆ ಹನ್ನೊಂದು ಬಂದದ್ದು ಹದಿನೆಂಟು ವರ್ಷ ಬಾಕಿ ಇದ್ದುದರಿಂದ. ಎಲ್ಲ ಬ್ಯಾಂಕುಗಳೂ ಇಂಥದೊಂದು ಉದಾಹರಣೆಯನ್ನು ಸಂದೇಶದ ಜೊತೆಗೇ ಕಳುಹಿಸಬೇಕಿತ್ತು.

ಈ ಉದಾಹರಣೆ ನನ್ನ ಭಾವನ ವಿಚಾರದಲ್ಲಿ ಉಪಯೋಗಕ್ಕೆ ಬಂತು. ಅವರ ಕಾರು ಸಾಲ ಮುಗಿಯುವ ಹಂತದಲ್ಲಿತ್ತು. ನನ್ನ ಲೆಕ್ಕ ಕೇಳಿ ಅವರು ಗಾಬರಿಯಾದರು. “ಅಲ್ಲಮ್ಮಾ, ಸರ್ಕಾರವೇ ಮನ್ನಾ ಮಾಡಿದೆ ಎಂದುಕೊಂಡಿದ್ದೆನಲ್ಲ! ನಾನು ಬೇಡ ಎಂದು ಬರೆದುಕೊಡಲೇ?” ಎಂದರು. “ಭಾವ, ನಿಮ್ಮದು ಬೇರೆ” ಎಂದು ಅವರ ಅಂಕಿಗಳನ್ನು ಕೇಳಿ ಬರೆದೆ. ಬಾಕಿ 1,60,000, ದರ ಶೇ 9, ಕಂತು 12,000. ತಿಂಗಳ ಬಡ್ಡಿ 1,200 ಮಾತ್ರ, ಉಳಿದ 10,800 ಅಸಲಿಗೆ. ಮೂರು ತಿಂಗಳಿಗೆ ಸೇರುವ ಬಡ್ಡಿ 3,627. ಒಂದೇ ಕಂತಿನ ಅಸಲಿನ ಭಾಗದಲ್ಲಿ ಮೂರರಲ್ಲೊಂದು ಪಾಲು ಸಾಕು, ಅದು ತೀರಿಹೋಗುತ್ತದೆ. ಅಂಗಡಿ ಮುಚ್ಚಿ ಕೂತಿದ್ದ ಅವರಿಗೆ 36,000 ರೂಪಾಯಿ ಕೈಯಲ್ಲಿ ಉಳಿಯಲು ನಾಲ್ಕು ಸಾವಿರದಷ್ಟು ಖರ್ಚು. ಅವರು ತೆಗೆದುಕೊಂಡರು, ಅದು ಸರಿಯಾಗಿಯೇ ಇತ್ತು. ಒಂದೇ ಸೌಲಭ್ಯ, ಒಂದೇ ನಿಯಮ, ಆದರೆ ಸಾಲ ಯಾವ ವಯಸ್ಸಿನಲ್ಲಿದೆ ಎಂಬುದರ ಮೇಲೆ ಬೆಲೆ ಇಷ್ಟು ಬೇರೆ. ನಿಮ್ಮ ಕಂತಿನಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಎಂದು ಮರುಪಾವತಿ ಪಟ್ಟಿಯ ಒಂದು ಸಾಲು ನೋಡಿದರೆ ಮುಕ್ಕಾಲು ಉತ್ತರ ಸಿಗುತ್ತದೆ.

ಕ್ರೆಡಿಟ್ ಕಾರ್ಡ್ ಬಾಕಿಗೂ ಈ ಸೌಲಭ್ಯ ಇತ್ತು. ವರ್ಷಕ್ಕೆ ಶೇ 36ರ ಮೇಲೆ ಬಡ್ಡಿ ಓಡುವ ಬಾಕಿಯನ್ನು ಮೂರು ತಿಂಗಳು ಹಾಗೇ ಬಿಡುವುದು ಯಾವ ಲೆಕ್ಕದಲ್ಲೂ ಕೂಡಿಬರುವುದಿಲ್ಲ. ಕೆಲಸದಲ್ಲಿದ್ದು, ಪೂರ್ತಿ ಸಂಬಳ ಬರುತ್ತಿದ್ದು, ಕಂತಿನ ಹಣವನ್ನು ಉಳಿತಾಯ ಖಾತೆಯಲ್ಲಿ ಇಟ್ಟುಕೊಂಡವರೂ ಇದ್ದರು. ಬಿಟ್ಟಿ ಸಿಕ್ಕಿತು ಎಂಬ ಭಾವನೆ ಅವರದು. ಉಳಿತಾಯ ಖಾತೆಯಲ್ಲಿ ಶೇ 3ರ ಆಸುಪಾಸು ಗಳಿಸಿ ಸಾಲದಲ್ಲಿ ಶೇ 8.4 ತೆರುವುದು ನಷ್ಟವೇ ಎಂದು ನನ್ನ ಸಹೋದ್ಯೋಗಿಯೊಬ್ಬರಿಗೆ ಹೇಳಿ ಹೇಳಿ ಸಾಕಾಯಿತು.

ಮೇ 22ರಂದು ರಿಸರ್ವ್ ಬ್ಯಾಂಕ್ ಇನ್ನೂ ಮೂರು ತಿಂಗಳು, ಅಂದರೆ ಆಗಸ್ಟ್ 31ರವರೆಗೆ ಮುಂದೂಡಲು ಅವಕಾಶ ಕೊಟ್ಟಿತು. ಮತ್ತೆ ಸಂದೇಶ, ಮತ್ತೆ ಕೊಂಡಿ. ಈ ಸಲ ಎಕ್ಸೆಲ್ ಮೊದಲೇ ತೆರೆದಿತ್ತು. ಆರು ತಿಂಗಳಿಗೆ ಬಾಕಿ 26,06,855 ಆಗುತ್ತದೆ. ಅಲ್ಲಿಂದ ಅದೇ ಕಂತಿನಲ್ಲಿ 239 ಕಂತು ಬೇಕು, ಸಾಲ ಇಪ್ಪತ್ತೊಂಬತ್ತು ತಿಂಗಳು ಮುಂದಕ್ಕೆ ಹೋಗುತ್ತದೆ. ಹೆಚ್ಚುವರಿ ಖರ್ಚು ಐದು ಲಕ್ಷ ದಾಟುತ್ತದೆ. ಸಂಬಳ ಜೂನ್‌ನಿಂದ ಮುಕ್ಕಾಲು ಬರುವುದೆಂದು ಗೊತ್ತಾಗಿತ್ತು. ಬಿಗಿಯಾದರೂ ಕಂತು ಕಟ್ಟಬಹುದಿತ್ತು. ಬೇಡ ಎಂದು ಬರೆದು ಕಳುಹಿಸಿ, ಅದರ ಸ್ವೀಕೃತಿಯನ್ನೂ ತೆಗೆದಿಟ್ಟುಕೊಂಡೆ. ಮೊದಲ ಸಲ ತೆಗೆದುಕೊಂಡವರಿಗೆ ಕೇಳದೆ ವಿಸ್ತರಿಸಿದ ಉದಾಹರಣೆಗಳನ್ನು ಕೇಳಿದ್ದರಿಂದ ಜೂನ್ 30ರಂದು ಕಡಿತವಾಯಿತೇ ಎಂದು ಖಾತೆ ನೋಡಿ ಖಚಿತಪಡಿಸಿಕೊಂಡೆ.

ಆಗಲೇ ಸೇರಿಹೋಗಿದ್ದ 52,868ಕ್ಕೆ ಏನು ಮಾಡುವುದು? ಶಾಖೆಗೆ ಹೋದಾಗ ಅದೇ ಅಧಿಕಾರಿ ಸಿಕ್ಕರು. ಏನೂ ಹೇಳದಿದ್ದರೆ ಅವಧಿ ತಾನಾಗಿ ಹಿಗ್ಗುತ್ತದೆ, ಕಂತು ಹಾಗೇ ಇರುತ್ತದೆ ಎಂದರು. ಬೇರೆ ದಾರಿ ಇದೆಯೇ ಎಂದು ಕೇಳಿದಾಗ ಮಾತ್ರ ಉಳಿದವು ಹೊರಬಂದವು. ಉಳಿದ ಕಂತುಗಳ ಸಂಖ್ಯೆಯನ್ನು 216ಕ್ಕೇ ಕಟ್ಟಿಹಾಕಿ ಕಂತನ್ನು ಏರಿಸಿಕೊಳ್ಳುವುದು ಒಂದು. ಅದಕ್ಕೆ ಹೊಸ ಕಂತು 22,958, ಅಂದರೆ ತಿಂಗಳಿಗೆ 475 ರೂಪಾಯಿ ಹೆಚ್ಚು. ನಾನು ಇದನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ. 475 ರೂಪಾಯಿ! ತಿಂಗಳಿಗೆ ಇಷ್ಟು ಹೆಚ್ಚು ಕಟ್ಟಿದರೆ ಹನ್ನೊಂದು ಹೆಚ್ಚುವರಿ ಕಂತು ಕಟ್ಟುವುದು ತಪ್ಪುತ್ತದೆ. 216 ತಿಂಗಳಿಗೆ ಕೂಡಿದರೆ ಹೆಚ್ಚುವರಿ ಸುಮಾರು 1.03 ಲಕ್ಷ, 2.47 ಲಕ್ಷವಲ್ಲ. ಇದನ್ನು ಕೇಳಿದವರಿಗಷ್ಟೇ ಹೇಳುವುದು ನನಗೆ ಇಂದಿಗೂ ಅನ್ಯಾಯ ಅನ್ನಿಸುತ್ತದೆ.

ಇನ್ನೊಂದು ದಾರಿ ಸೇರಿದ ಬಡ್ಡಿಯನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಡುವುದು. ಇಲ್ಲಿ ಗಮನಿಸಬೇಕಾದದ್ದು, ನಿಂತ ಮೂರು ಕಂತುಗಳ ಮೊತ್ತ 67,449 ಕಟ್ಟಬೇಕಾಗಿಲ್ಲ. ಸೇರಿದ ಬಡ್ಡಿಯಷ್ಟನ್ನು ಕಟ್ಟಿದರೆ ಬಾಕಿ 25 ಲಕ್ಷದ ಹಳಿಗೆ ಮರಳುತ್ತದೆ, ಸಾಲ ಮೂರು ತಿಂಗಳು ಮಾತ್ರ ಮುಂದಕ್ಕೆ ಹೋಗುತ್ತದೆ. ವ್ಯಕ್ತಿಗಳ ಬದಲಾಗುವ ಬಡ್ಡಿ ದರದ ಮನೆಸಾಲಕ್ಕೆ ಮುಂಗಡ ಪಾವತಿಯ ಶುಲ್ಕ ಹಾಕುವಂತಿಲ್ಲ ಎಂಬ ನಿಯಮ ಹಲವು ವರ್ಷಗಳಿಂದ ಇದೆ. ನನ್ನದೊಂದು ಆರ್‌ಡಿ ಜೂನ್ ಕೊನೆಗೆ ಮುಗಿಯುತ್ತಿತ್ತು. ಜೂನ್‌ನ ಬಡ್ಡಿಯೂ ಸೇರಿ ಬೇಕಾಗಿದ್ದುದು 53,238. ಜೂನ್ 30ರಂದು ಕಂತಿನ ಜೊತೆ 53,300 ಕಟ್ಟಿದೆ.

ಇಂದಿನ ಐವತ್ಮೂರು ಸಾವಿರವನ್ನು ಹದಿನೆಂಟು ವರ್ಷಗಳ ನಂತರದ ಲಕ್ಷಗಳ ಜೊತೆ ಹೋಲಿಸುವುದು ಸರಿಯೇ ಎಂದು ಲೆಕ್ಕ ಬಲ್ಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆ ಐವತ್ಮೂರು ಸಾವಿರವನ್ನು ಬೇರೆ ಕಡೆ ಇಟ್ಟು, ತೆರಿಗೆ ಕಳೆದು, ವರ್ಷಕ್ಕೆ ಶೇ 8.4 ಗಳಿಸುವ ಭರವಸೆ ಇದ್ದವರಿಗೆ ಎರಡೂ ಒಂದೇ. ನನ್ನ ಆರ್‌ಡಿ ಅಷ್ಟು ಕೊಡುತ್ತಿರಲಿಲ್ಲ.

ಹಣ ಕಟ್ಟಿದ ಮೇಲೆ ಎಲ್ಲ ಮುಗಿಯಿತು ಎಂದುಕೊಂಡಿದ್ದಾಗ ಜುಲೈ 31ರಂದು ಕಂತು ಕಡಿತವೇ ಆಗಲಿಲ್ಲ. ಖಾತೆಯಲ್ಲಿ ಹಣ ಇತ್ತು, ಬ್ಯಾಂಕಿನಿಂದ ದೂರೂ ಇಲ್ಲ. ಸಾಲದ ಖಾತೆಯ ವಿವರ ತೆಗೆಸಿದೆ. ನಾನು ಕಟ್ಟಿದ 53,300 ಅಸಲಿಗೆ ಸೇರಿರಲೇ ಇಲ್ಲ. ಅದನ್ನು ಮುಂದಿನ ಕಂತುಗಳಿಗೆ ಮುಂಗಡ ಎಂದು ಪಕ್ಕದಲ್ಲಿ ಇಟ್ಟುಕೊಂಡು, ಅದರಿಂದಲೇ ಜುಲೈ ಕಂತನ್ನು ತೆಗೆದುಕೊಂಡಿದ್ದರು. ಹೀಗೆ ಇಟ್ಟ ಹಣಕ್ಕೆ ಬಡ್ಡಿ ಇಳಿಯುವುದಿಲ್ಲ, ಅವಧಿಯೂ ಕುಗ್ಗುವುದಿಲ್ಲ. ಕಟ್ಟುವಾಗ ಆನ್‌ಲೈನ್ ಪುಟದಲ್ಲಿ ಯಾವ ಬಾಬ್ತಿಗೆ ಎಂದು ಕೇಳುವ ಜಾಗವೇ ಇರಲಿಲ್ಲ. ಈ ಮೊತ್ತವನ್ನು ಜೂನ್ 30ರ ದಿನಾಂಕದಿಂದ ಅಸಲಿಗೆ ಜಮಾ ಮಾಡಿ, ಕಂತು ಬದಲಿಸದೆ ಅವಧಿ ಇಳಿಸಿ, ಪರಿಷ್ಕೃತ ಪಟ್ಟಿ ಕೊಡಿ ಎಂದು ಪತ್ರ ಬರೆದು, ಎರಡನೇ ಪ್ರತಿಯ ಮೇಲೆ ಶಾಖೆಯ ಮೊಹರು ಹಾಕಿಸಿಕೊಂಡೆ. ಕೆಲವು ದಿನ ಓಡಾಡಿದ ಮೇಲೆ ಸರಿಪಡಿಸಿದರು, ಜುಲೈ ಕಂತನ್ನು ನಾನು ಪ್ರತ್ಯೇಕವಾಗಿ ಕಟ್ಟಿದೆ. ಹೊಸ ಪಟ್ಟಿಯಲ್ಲಿ ಕೊನೆಯ ಕಂತು 2038ರ ಮೇ ಎಂದಿತ್ತು. ನಿವೃತ್ತಿಗೆ ಒಂದು ತಿಂಗಳು ಮೊದಲು.

ಸಾಲದ ಖಾತೆಯ ವಿವರ ಓದುವುದು ಕಷ್ಟವಲ್ಲ. ಬಡ್ಡಿಯ ನಮೂದು ತಿಂಗಳಿಗೊಮ್ಮೆ ಖರ್ಚಿನ ಕಡೆ ಬಿದ್ದು, ಜಮೆಯ ಕಡೆ ಏನೂ ಇಲ್ಲದಿದ್ದರೆ ಬಾಕಿ ಏರುತ್ತಿದೆ ಎಂದೇ ಅರ್ಥ. ಮೊರಟೋರಿಯಂಗೆ ಮೊದಲಿನ ತಿಂಗಳ ಬಾಕಿ ಮತ್ತು ಅದರ ಕೊನೆಯ ತಿಂಗಳ ಬಾಕಿ, ಈ ಎರಡರ ವ್ಯತ್ಯಾಸವೇ ನಿಮ್ಮ ಅಸಲಿಗೆ ಸೇರಿದ ಬಡ್ಡಿ. ದರ ಇಳಿದ ಕಾಲದಲ್ಲಿ ಮಾತ್ರ ಇದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. 2020ರ ಮಾರ್ಚ್ ಮತ್ತು ಮೇ ತಿಂಗಳುಗಳಲ್ಲಿ, ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೊ ದರ ಶೇ 5.15ರಿಂದ ಶೇ 4ಕ್ಕೆ ಇಳಿಯಿತು. ರೆಪೊಗೆ ಜೋಡಿಸಿದ ಸಾಲ ಇದ್ದವರಿಗೆ ದರ ಇಳಿದು ಕುಗ್ಗಬೇಕಿದ್ದ ಅವಧಿಯೂ, ಮೊರಟೋರಿಯಂನಿಂದ ಹಿಗ್ಗಿದ ಅವಧಿಯೂ ಒಂದಕ್ಕೊಂದು ಹೊಡೆದುಹೋಗಿ, ಏನೂ ಆಗಿಲ್ಲ ಅನ್ನಿಸಿತು. ನನ್ನದು, ಹಣ ಹೊಂದಿಸಲು ತನಗೆ ತಗಲುವ ವೆಚ್ಚ ನೋಡಿ ಬ್ಯಾಂಕೇ ನಿಗದಿಪಡಿಸುವ ಮೂಲ ದರವಾದ ಎಂಸಿಎಲ್‌ಆರ್‌ಗೆ ಜೋಡಿಸಿದ, ವರ್ಷಕ್ಕೊಮ್ಮೆ ಡಿಸೆಂಬರ್‌ನಲ್ಲಿ ದರ ಬದಲಾಗುವ ಸಾಲ. ಆ ತಿಂಗಳುಗಳಲ್ಲಿ ದರ ಅಲುಗಾಡದ್ದರಿಂದ ಎಲ್ಲವೂ ಕಣ್ಣೆದುರೇ ಇತ್ತು.

ನವೆಂಬರ್ ಮೊದಲ ವಾರದಲ್ಲಿ ಸಾಲದ ಖಾತೆಗೆ 1,855 ರೂಪಾಯಿ ಜಮೆಯಾಯಿತು. ಕೇಂದ್ರ ಸರ್ಕಾರ ಅಕ್ಟೋಬರ್ 23ರಂದು ಪ್ರಕಟಿಸಿದ ಪರಿಹಾರ ಅದು. 2 ಕೋಟಿವರೆಗಿನ ಸಾಲಗಳಿಗೆ, ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಆರು ತಿಂಗಳಿನ ಚಕ್ರಬಡ್ಡಿ ಮತ್ತು ಸರಳ ಬಡ್ಡಿಯ ವ್ಯತ್ಯಾಸ. ಮೊರಟೋರಿಯಂ ತೆಗೆದುಕೊಂಡವರು, ಅರ್ಧಕ್ಕೆ ಬಿಟ್ಟವರು, ತೆಗೆದುಕೊಳ್ಳದವರು, ಎಲ್ಲರಿಗೂ ಕೊಟ್ಟರು. ಭಾವ ಫೋನ್ ಮಾಡಿ, “ಬಡ್ಡಿ ವಾಪಸು ಬಂತಂತೆ ಹೌದೇನಮ್ಮಾ?” ಎಂದು ಕೇಳಿದರು. 25 ಲಕ್ಷಕ್ಕೆ ಆರು ತಿಂಗಳ ಸರಳ ಬಡ್ಡಿ 1,05,000, ಚಕ್ರಬಡ್ಡಿ 1,06,855. ಬಂದದ್ದು ಮೇಲಿನ 1,855 ಎಂದು ಹೇಳಿದೆ. 2021ರ ಮಾರ್ಚ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸಾಲದ ಮೊತ್ತ ಎಷ್ಟೇ ಇರಲಿ ಆ ಆರು ತಿಂಗಳಿಗೆ ಬಡ್ಡಿಯ ಮೇಲೆ ಬಡ್ಡಿ ಹಾಕುವಂತಿಲ್ಲ ಎಂದಿತು. ಬಡ್ಡಿಯನ್ನೇ ಪೂರ್ತಿ ಮನ್ನಾ ಮಾಡಬೇಕೆಂಬ ಕೋರಿಕೆಯನ್ನು ಒಪ್ಪಲಿಲ್ಲ.

2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸೂಚನೆ ಬಡ್ಡಿ ದರ ಏರಿದಾಗ ಅವಧಿ ಹಿಗ್ಗುವುದರ ಬಗ್ಗೆ. ಕಂತು ಏರಿಸುವುದೋ, ಅವಧಿ ಹೆಚ್ಚಿಸುವುದೋ, ಎರಡನ್ನೂ ಸ್ವಲ್ಪ ಸ್ವಲ್ಪವೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕು, ಈವರೆಗೆ ವಸೂಲಾದ ಅಸಲು, ಬಡ್ಡಿ, ಉಳಿದ ಕಂತುಗಳ ಸಂಖ್ಯೆ ಇರುವ ವಿವರವನ್ನು ಮೂರು ತಿಂಗಳಿಗೊಮ್ಮೆ ಒದಗಿಸಬೇಕು ಎಂದು ಅದರಲ್ಲಿದೆ. ಆ ವಿವರ ಬಂದಾಗ ನಾನು ನೋಡುವುದು ಉಳಿದ ಕಂತುಗಳ ಸಂಖ್ಯೆಯನ್ನು. ಹಿಂದಿನ ತ್ರೈಮಾಸಿಕದ್ದಕ್ಕಿಂತ ಅದು ಮೂರು ಕಡಿಮೆ ಇಲ್ಲದಿದ್ದರೆ ಅಂದೇ ಶಾಖೆಗೆ ಬರೆಯುತ್ತೇನೆ.